ನಡುಗಾಲು ಹಾಕಿದರೂ ಮಂಚದ ನಡುಭಾಗ ತಗ್ಗಾಗುತ್ತಿದೆ, ಎಲ್ಲಿ ತಪ್ಪಿರಬಹುದು?

ಹೊಸಮಂಚ
ಎಲ್ಲರಿಗೂ ನಮಸ್ಕಾರ. ಆರು ತಿಂಗಳ ಹಿಂದೆ ಬಿಡಿಭಾಗಗಳಲ್ಲಿ ಬಂದ ಮರದ ಮಂಚವನ್ನು ನಾನೇ ಜೋಡಿಸಿದೆ. 150 ಸೆಂ.ಮೀ. ಅಗಲ, 200 ಸೆಂ.ಮೀ. ಉದ್ದ. ಎರಡೂ ಪಕ್ಕದ ಹಲಗೆಗಳ ಒಳಗೆ ರೀಪರ್ ಇದೆ, ಅದರ ಮೇಲೆ 13 ಅಡ್ಡಪಟ್ಟಿಗಳು ಕೂರುತ್ತವೆ. ತಲೆಯಿಂದ ಕಾಲಿನ ಕಡೆಗೆ ಒಂದು ನಡುತೊಲೆ, ಅದರ ಮಧ್ಯಕ್ಕೆ ಒಂದು ಕಾಲು. ಪಟ್ಟಿಗಳು ಈ ಕಡೆಯಿಂದ ಆ ಕಡೆವರೆಗೆ ಇಡಿಯಾಗಿವೆ, ಎರಡು ತುಂಡಲ್ಲ.

ಈಗ ಇಬ್ಬರೂ ರಾತ್ರಿ ನಡುವಿಗೆ ಉರುಳಿ ಬರುತ್ತೇವೆ. ಬೆಳಿಗ್ಗೆ ಏಳುವಾಗ ಸೊಂಟ ಹಿಡಿದಿರುತ್ತದೆ. ಹಾಸಿಗೆ ಫೋಮಿನದು, ಮಂಚದ ಜೊತೆಗೇ ಕೊಂಡಿದ್ದು. ನಡುಗಾಲು ಹಾಕಿದ ಮೇಲೂ ಹೀಗೇಕೆ? ಹಾಸಿಗೆ ಬದಲಾಯಿಸಬೇಕಾ?

ಮಲ್ಲಿಗೆಬಳ್ಳಿ
ನಮ್ಮದೂ ಇದೇ ಕಥೆ ಆಗಿತ್ತು. ಪಟ್ಟಿಗಳ ಮೇಲೆ 12 ಮಿ.ಮೀ. ಪ್ಲೈವುಡ್ ಹಾಕಿಸಿದೆವು, ಸಮಸ್ಯೆ ಹೋಯಿತು. ಪಟ್ಟಿಗಳ ನಡುವಿನ ಸಂದು ಜಾಸ್ತಿ ಇದ್ದರೆ ಫೋಮ್ ಆ ಸಂದಿಗೆ ಇಳಿಯುತ್ತದೆ. ನಿಮ್ಮದೂ ಅದೇ ಇರಬೇಕು. ಹಾಸಿಗೆ ಬದಲಾಯಿಸುವ ಮುಂಚೆ ಪ್ಲೈವುಡ್ ಹಾಕಿ ನೋಡಿ.

ರಾತ್ರಿಪಾಳಿ
ನಮ್ಮ ಮಂಚವೂ ಮಗ್ಗುಲಾದಾಗಲೆಲ್ಲ ಕಿರ್ ಕಿರ್ ಎನ್ನುತ್ತದೆ. ನಾನು ಕೂಡುಗಳಿಗೆ ಮೇಣ ಸವರಿದೆ, ಎರಡು ವಾರ ಸುಮ್ಮನಿತ್ತು. ನೀವೂ ಮಾಡಿ ನೋಡಿ.

ಹೊಸಮಂಚ
ಸರ್, ನಮ್ಮದು ಸದ್ದು ಮಾಡುವುದಿಲ್ಲ. ತಗ್ಗಾಗುವುದೇ ತೊಂದರೆ.

ಉಳಿಬಾಚಿ
ಮಂಚ, ಕಪಾಟು ಮಾಡುವುದೇ ನನ್ನ ಕೆಲಸ. ಹಾಸಿಗೆಗೂ ಪ್ಲೈವುಡ್‌ಗೂ ಈಗಲೇ ಹೋಗಬೇಡಿ. ಮೊದಲು ಒಂದು ಸಣ್ಣ ಪರೀಕ್ಷೆ. ಹಾಸಿಗೆ ಇಳಿಸಿ. ಮಂಚದ ಮೇಲೆ ಯಾರೂ ಇರಬಾರದು. ನಡುಗಾಲಿನ ಪಾದದ ಕೆಳಗೆ ಒಂದು ಕಾಗದ ತೂರಿಸಿ ನೋಡಿ. ಕಾಗದ ಸಲೀಸಾಗಿ ಆಚೆ ಬಂದರೆ ಆ ಕಾಲು ಇದ್ದೂ ಇಲ್ಲದ ಹಾಗೆ. ಎಳೆದರೆ ಹಿಡಿದುಕೊಳ್ಳಬೇಕು, ಹರಿಯುವಷ್ಟು ಬಿಗಿಯೂ ಬೇಡ.

ಬಹಳ ಜನ ಮೊದಲು ನಡುತೊಲೆ, ಕಾಲು ಎಲ್ಲ ಬಿಗಿದುಬಿಡುತ್ತಾರೆ. ಆಮೇಲೆ ನಾಲ್ಕು ಮೂಲೆಯ ಬೋಲ್ಟ್ ಬಿಗಿಯುತ್ತಾರೆ. ಮೂಲೆ ಬಿಗಿಯುವಾಗ ಚೌಕಟ್ಟು ಒಂದೆರಡು ಮಿ.ಮೀ. ಮೇಲೇಳುತ್ತದೆ, ನಡುಗಾಲು ಗಾಳಿಯಲ್ಲಿ ನಿಲ್ಲುತ್ತದೆ. ಬಗ್ಗಿ ನೋಡಿದರೂ ಕಣ್ಣಿಗೆ ಕಾಣುವುದಿಲ್ಲ.

ಹೊಸಮಂಚ
ನೋಡಿದೆ. ಕಾಗದ ಇರಲಿ, ಮಂಚದ ಜೊತೆ ಬಂದ 4 ಮಿ.ಮೀ. ಅಲೆನ್ ಕೀ ಕೂಡ ಪಾದದ ಕೆಳಗೆ ನುಗ್ಗಿತು. 5 ಮಿ.ಮೀ. ಕೀ ಹೋಗಲಿಲ್ಲ. ಹಾಗಾದರೆ ಆರು ತಿಂಗಳು ಈ ಕಾಲು ನೆಲಕ್ಕೆ ತಾಕದೆಯೇ ನಿಂತಿತ್ತಾ?

ಉಳಿಬಾಚಿ
ನೀವು ಮಲಗಿದಾಗ ತಾಕುತ್ತಿತ್ತು, ಆದರೆ ತೊಲೆ 4 ಮಿ.ಮೀ. ಬಾಗಿದ ಮೇಲೆ. ಪಾದಕ್ಕೆ ಕೆಳಗೆ ಸ್ಕ್ರೂ ಇರುತ್ತದೆ ಅಲ್ವಾ, ಅದನ್ನು ಈಗಲೇ ತಿರುಗಿಸಬೇಡಿ. ತಗ್ಗು ಎಲ್ಲೆಲ್ಲಿ ಎಷ್ಟಿದೆ ಎಂದು ಮೊದಲು ಅಳೆಯಬೇಕು. ಸುಮ್ನೆ ಪಾದ ಏರಿಸಿದರೆ ಒಂದು ತಪ್ಪಿನ ಮೇಲೆ ಇನ್ನೊಂದನ್ನು ಮುಚ್ಚಿದಂತೆ ಆಗುತ್ತದೆ.

ಪಟ್ಟಿಗಳನ್ನು ತೆಗೆದಿಡಿ. ಒಂದೇ ದಪ್ಪದ ಎರಡು ಮರದ ತುಂಡು ಹುಡುಕಿ, 18 ಮಿ.ಮೀ. ಪ್ಲೈವುಡ್ ಚೂರಾದರೂ ಸರಿ. ಒಂದನ್ನು ಎಡ ರೀಪರ್ ಮೇಲೆ, ಇನ್ನೊಂದನ್ನು ಅದರ ಎದುರಿಗೆ ಬಲ ರೀಪರ್ ಮೇಲೆ ಇಡಿ. ಆ ತುಂಡುಗಳ ಮೇಲಿಂದ ತೆಳುವಾದ ದಾರವನ್ನು ಜಗ್ಗಿ ಕಟ್ಟಿ. ದಾರ ನಡುತೊಲೆಯ ಮೇಲೆ ಹಾದುಹೋಗುತ್ತದೆ. ದಾರದಿಂದ ತೊಲೆಯ ಮೇಲ್ಮೈಗೆ ಎಷ್ಟು ಮಿ.ಮೀ. ಎಂದು ಅಳೆಯಿರಿ. ತಲೆಯ ಕಡೆ ಒಂದು ಸಲ, ನಡುವೆ ಒಂದು ಸಲ, ಕಾಲಿನ ಕಡೆ ಒಂದು ಸಲ. ಮೂರೂ ಕಡೆ 18 ಬಂದರೆ ತೊಲೆ ರೀಪರ್‌ಗೆ ಸರಿಸಮ. ಜಾಸ್ತಿ ಬಂದರೆ ಅಷ್ಟು ತಗ್ಗಿದೆ ಎಂದರ್ಥ.

ಅಳತೆಪಟ್ಟಿ
ದಾರ ಕಟ್ಟುವಾಗ ಒಂದು ಮಾತು. ಅದು ತೊಲೆಗೆ ತಾಗಬಾರದು, ಬೆರಳಿನಿಂದ ಮೀಟಿದರೆ ತಂತಿಯ ಹಾಗೆ ಅದುರಬೇಕು. ಸಡಿಲ ದಾರ ತಾನೇ ಜೋತುಬಿದ್ದು ತಪ್ಪು ಅಳತೆ ಕೊಡುತ್ತದೆ. ಹತ್ತಿ ದಾರಕ್ಕಿಂತ ಮೀನಿನ ಗಾಳದ ದಾರ ಒಳ್ಳೆಯದು.

ಹೊಸಮಂಚ
ಅಳೆದೆ. ಎರಡೆರಡು ಸಲ.

ತಲೆಯ ಕಡೆ 18.
ನಡುವೆ 26.
ಕಾಲಿನ ಕಡೆ 28.

ನಡುವೆ ತಾನೇ ಎಲ್ಲಕ್ಕಿಂತ ಜಾಸ್ತಿ ತಗ್ಗಿರಬೇಕು? ಕಾಲಿನ ಕಡೆ ಅದಕ್ಕಿಂತ ಹೆಚ್ಚಿದೆ. ನನಗೆ ಅರ್ಥವಾಗಲಿಲ್ಲ.

ಉಳಿಬಾಚಿ
ಇದಕ್ಕೇ ಅಳೆಯಿರಿ ಎಂದಿದ್ದು. ನಿಮ್ಮಲ್ಲಿ ಎರಡು ಬೇರೆ ಬೇರೆ ತಪ್ಪುಗಳಿವೆ.

ಮೊದಲನೆಯದು, ಕಾಲಿನ ಕಡೆ ತೊಲೆಯ ತುದಿಯೇ 10 ಮಿ.ಮೀ. ಕೆಳಗಿದೆ. ಅಲ್ಲಿ ಬಾಗುವ ಮಾತೇ ಇಲ್ಲ, ಅದು ಬ್ರಾಕೆಟ್ ಕೂತಿರುವ ಜಾಗ. ತಲೆಯ ಕಡೆ 18, ಕಾಲಿನ ಕಡೆ 28 ಆದರೆ ನೇರವಾದ ತೊಲೆಗೆ ನಡುವೆ 23 ಬರಬೇಕು. ನಿಮಗೆ 26 ಬಂದಿದೆ. ಉಳಿದ 3 ಮಿ.ಮೀ. ತೊಲೆಯ ಸ್ವಂತ ಬಾಗು. ಇದು ಎರಡನೆಯ ತಪ್ಪು. ಕಾಲು ಆಧಾರ ಕೊಡದೆ ಆರು ತಿಂಗಳು ಭಾರ ಹೊತ್ತು ಬಾಗಿದೆ.

ಈಗ ರಾತ್ರಿ ಏನಾಗುತ್ತಿದೆ ನೋಡಿ. ನೀವು ಮಲಗಿದ ಕೂಡಲೇ ಅಡ್ಡಪಟ್ಟಿಗಳು ನಡುವೆ 8 ಮಿ.ಮೀ. ಕೆಳಗಿಳಿದ ಮೇಲೆ ತೊಲೆಗೆ ತಾಗುತ್ತವೆ. ಆಮೇಲೆ ತೊಲೆ ಇನ್ನೂ 4 ಮಿ.ಮೀ. ಇಳಿದ ಮೇಲೆ ಕಾಲು ನೆಲಕ್ಕೆ ತಾಗುತ್ತದೆ. ಒಟ್ಟು 12 ಮಿ.ಮೀ. ಹೋದ ಮೇಲೆ ನೆಲದ ಆಧಾರ. ಅಲ್ಲಿಯವರೆಗೆ 150 ಸೆಂ.ಮೀ. ಉದ್ದದ ಪಟ್ಟಿಗಳೇ ಎಲ್ಲ ಹೊತ್ತಿವೆ. ಹಾಸಿಗೆಯ ಮೇಲೆ ನಿಮಗೆ ಅದು ತೊಟ್ಟಿಲಿನ ಹಾಗೆ ಅನಿಸುತ್ತದೆ.

ಕಾಲಿನ ಕಡೆಯ ಬ್ರಾಕೆಟ್ ಬಗ್ಗಿ ನೋಡಿ. ತೂತುಗಳು ದುಂಡಗಿವೆಯಾ, ಉದ್ದಕ್ಕಿವೆಯಾ?

ಹೊಸಮಂಚ
ಬ್ರಾಕೆಟ್‌ನಲ್ಲಿ ಎರಡು ಉದ್ದನೆಯ ತೂತು, ಒಂದು ದುಂಡು ತೂತು. ನಾನು ಉದ್ದನೆಯದರಲ್ಲಿ ಮಾತ್ರ ಸ್ಕ್ರೂ ಹಾಕಿದ್ದೆ, ದುಂಡು ತೂತು ಖಾಲಿ ಬಿಟ್ಟಿದ್ದೆ. ತಲೆಯ ಕಡೆ ಸ್ಕ್ರೂ ಉದ್ದ ತೂತಿನ ಕೆಳತುದಿಯಲ್ಲಿದೆ. ಕಾಲಿನ ಕಡೆ ಮೇಲ್ತುದಿಯಲ್ಲಿದೆ. ಹಲಗೆಯ ಬಣ್ಣ ಬ್ರಾಕೆಟ್‌ನ ಮೇಲುಗಡೆ ಒಂದು ಗೆರೆಯಷ್ಟು ಉಜ್ಜಿಹೋಗಿದೆ. ಜಾರಿದೆ ಅಂತ ಕಾಣುತ್ತದೆ!

ಉಳಿಬಾಚಿ
ಜಾರಿದೆ, ಅದರಲ್ಲಿ ಅನುಮಾನವೇ ಇಲ್ಲ. ಉದ್ದ ತೂತು ಇರುವುದು ಎತ್ತರ ಹೊಂದಿಸಲು. ಹೊಂದಿಸಿದ ಮೇಲೆ ದುಂಡು ತೂತಿನ ಸ್ಕ್ರೂ ಅದನ್ನು ಅಲ್ಲಿಯೇ ಹಿಡಿದು ನಿಲ್ಲಿಸುತ್ತದೆ. ಆ ಸ್ಕ್ರೂ ಇಲ್ಲದಿದ್ದರೆ ಮಲಗಿದವರ ಭಾರ ದಿನಾ ಅದನ್ನು ಕೆಳಗೆ ತಳ್ಳುತ್ತದೆ.

ಹೀಗೆ ಮಾಡಿ. ತೊಲೆಯ ಮಧ್ಯದ ಕಾಲಿನ ಸ್ಕ್ರೂ ಈಗ ಹೇಗಿದೆಯೋ ಹಾಗೇ ಬಿಡಿ. ಕಾಲಿನ ಕಡೆಯ ಬ್ರಾಕೆಟ್ ಸ್ಕ್ರೂಗಳನ್ನು ಅರ್ಧ ಸುತ್ತು ಸಡಿಲಿಸಿ. ಇನ್ನೊಬ್ಬರು ತೊಲೆಯ ತುದಿಯನ್ನು ಮೇಲಕ್ಕೆ ಎತ್ತಿ ಹಿಡಿಯಲಿ, ದಾರದಿಂದ 18 ಬರುವವರೆಗೆ. ಬಿಗಿಯಿರಿ. ಆಮೇಲೆ ದುಂಡು ತೂತಿನ ನಡುವೆ ಪೆನ್ಸಿಲ್ ಗುರುತು ಹಾಕಿ, ಮೊದಲು ಸಣ್ಣ ತೂತು ಕೊರೆಯಿರಿ. 4 ಮಿ.ಮೀ. ಸ್ಕ್ರೂಗೆ ಮೆತ್ತನೆಯ ಮರದಲ್ಲಿ 2.5, ಗಟ್ಟಿ ಮರದಲ್ಲಿ 3 ಮಿ.ಮೀ. ಬಿಟ್ ಸಾಕು. ಕೊರೆಯದೆ ಸ್ಕ್ರೂ ಹೊಡೆದರೆ ಹಲಗೆಯ ಅಂಚಿನ ಬಳಿ ಮರ ಸೀಳುತ್ತದೆ. ತಲೆಯ ಕಡೆಯ ಬ್ರಾಕೆಟ್‌ಗೂ ಇದೇ ಸ್ಕ್ರೂ ಹಾಕಿಬಿಡಿ, ಅದೂ ನಾಳೆ ಜಾರಬಾರದು.

ಮಲ್ಲಿಗೆಬಳ್ಳಿ
ಅಣ್ಣ, ಇಷ್ಟೆಲ್ಲ ಮಾಡುವ ಬದಲು ಪ್ಲೈವುಡ್ ಹಾಕಿದರೆ ಮುಗಿಯಿತಲ್ಲ? ನಮ್ಮದು ಸರಿಯಾಯಿತು.

ಉಳಿಬಾಚಿ
ಅಕ್ಕಾ, ನಿಮ್ಮಲ್ಲಿ ತೊಲೆ ಸರಿಯಿತ್ತು, ಸಂದು ಜಾಸ್ತಿ ಇತ್ತು, ಅದಕ್ಕೆ ಪ್ಲೈವುಡ್ ಮದ್ದಾಯಿತು. ಸಂದಿನ ವಿಷಯ ನೀವು ಹೇಳಿದ್ದು ನಿಜ. ಇವರ 13 ಪಟ್ಟಿ 7 ಸೆಂ.ಮೀ. ಅಗಲದ್ದಾದರೆ ಸಂದು ಸುಮಾರು 9 ಸೆಂ.ಮೀ. ಬರುತ್ತದೆ. ಫೋಮ್ ಹಾಸಿಗೆಗೆ 7ರ ಒಳಗಿದ್ದರೆ ಒಳ್ಳೆಯದು. ಇನ್ನೆರಡು ಪಟ್ಟಿ ಸೇರಿಸಿ ಸಮನಾಗಿ ಹರಡಿದರೆ 7ಕ್ಕಿಂತ ಸ್ವಲ್ಪ ಕೆಳಗೆ ಬರುತ್ತದೆ.

ಆದರೆ ಕೆಳಗೆ ತೊಲೆ ತಗ್ಗಿದ್ದರೆ ಪ್ಲೈವುಡ್ ಕೂಡ ಅದರ ಜೊತೆಗೆ ಬಾಗುತ್ತದೆ. 12 ಮಿ.ಮೀ. ಹಲಗೆ ಒಂದೂವರೆ ಮೀಟರ್ ಅಗಲಕ್ಕೆ ಇಬ್ಬರ ಭಾರ ತಾನೇ ಹೊತ್ತು ನೇರವಾಗಿ ನಿಲ್ಲುವುದಿಲ್ಲ. ಜೊತೆಗೆ ಪೂರ್ತಿ ಮುಚ್ಚಿದರೆ ಹಾಸಿಗೆಯ ಕೆಳಗೆ ಗಾಳಿ ಆಡುವುದಿಲ್ಲ, ಬೆವರಿನ ಪಸೆ ಅಲ್ಲೇ ಉಳಿದು ಬೂಷ್ಟು ಹಿಡಿಯಬಹುದು. ನೀವು ಒಮ್ಮೆ ಹಾಸಿಗೆ ಎತ್ತಿ ಅಡಿಭಾಗ ನೋಡಿ.

ಮಲ್ಲಿಗೆಬಳ್ಳಿ
ನೋಡಿದೆ. ಕಾಲಿನ ಕಡೆ ಅಂಗೈಯಷ್ಟು ಜಾಗದಲ್ಲಿ ಕಪ್ಪು ಚುಕ್ಕೆಗಳಿವೆ. ಪ್ಲೈವುಡ್‌ಗೆ ತೂತು ಕೊರೆಸಬೇಕು ಅಥವಾ ತೆಗೆದು ಪಟ್ಟಿ ಸೇರಿಸಬೇಕು. ಹೇಳಿದ್ದು ಒಳ್ಳೆಯದಾಯಿತು.

ಗೋಡೆಗಡಿಯಾರ
ನನ್ನ ಮಗನ ಮಂಚ 90 ಸೆಂ.ಮೀ. ಅಗಲದ್ದು, ಅದಕ್ಕೆ ನಡುಗಾಲೇ ಇಲ್ಲ. ಅದಕ್ಕೂ ಹಾಕಿಸಬೇಕಾ? ಅವನು ಕುಣಿದಾಡುತ್ತಾನೆ, ಒಂದು ಪಟ್ಟಿ ಮುರಿದಿದೆ.

ಉಳಿಬಾಚಿ
90ಕ್ಕೆ ಸಾಮಾನ್ಯವಾಗಿ ಬೇಕಿಲ್ಲ ಸರ್, ಪಟ್ಟಿ ಗಟ್ಟಿಯಿದ್ದರೆ. ಮುರಿದ ಪಟ್ಟಿಯಲ್ಲಿ ಮುರಿದ ಜಾಗದ ಹತ್ತಿರ ಗಂಟು ಇದೆಯಾ ನೋಡಿ. ಮರದ ಗಂಟು ಪಟ್ಟಿಯ ನಡುವೆ, ಕೆಳಮುಖದ ಅಂಚಿನಲ್ಲಿ ಬಂದರೆ ಮೊದಲು ಅಲ್ಲೇ ಬಿರಿಯುತ್ತದೆ.

ಗೋಡೆಗಡಿಯಾರ
ಗಂಟಿದೆ. ಸರಿಯಾಗಿ ಅಲ್ಲೇ ಮುರಿದಿದೆ.

ಹೊಸಮಂಚ
ಬ್ರಾಕೆಟ್ ಏರಿಸಿ ದುಂಡು ತೂತಿಗೆ ಸ್ಕ್ರೂ ಹಾಕಿದೆ. ಈಗ ತಲೆಯ ಕಡೆ 18, ಕಾಲಿನ ಕಡೆ 18, ನಡುವೆ 21. ನೀವು ಹೇಳಿದ 3 ಮಿ.ಮೀ. ಬಾಗು ಹಾಗೇ ಇದೆ. ಆದರೆ ಪಾದದ ಕೆಳಗಿನ ಸಂದು 4 ಇದ್ದದ್ದು ಈಗ 9 ಆಗಿದೆ. ಕೆಡಿಸಿಬಿಟ್ಟೆನಾ?

ಉಳಿಬಾಚಿ
ಕೆಟ್ಟಿಲ್ಲ. ತುದಿ 10 ಏರಿದರೆ ನಡು 5 ಏರುತ್ತದೆ, ಅದರ ಜೊತೆ ಕಾಲೂ 5 ಏರುತ್ತದೆ. 4ಕ್ಕೆ 5 ಸೇರಿ 9. ಲೆಕ್ಕ ಸರಿಯಾಗಿದೆ.

ಈಗ ಪಾದ ತಿರುಗಿಸುವ ಹೊತ್ತು. ಅದಕ್ಕೂ ಮುಂಚೆ ಎರಡು ಕೆಲಸ. ಮಂಚ ಕೊನೆಗೆ ಎಲ್ಲಿ ಇರಬೇಕೋ ಅಲ್ಲಿಗೇ ಎತ್ತಿ ಇಡಿ, ಎಳೆಯಬೇಡಿ. ಎಳೆದರೆ ನಡುಗಾಲು ಪಕ್ಕಕ್ಕೆ ಒತ್ತಿ ಅದರ ಸ್ಕ್ರೂ ಕಿತ್ತು ಬರುತ್ತದೆ. ಆಮೇಲೆ ಮೂಲೆಯಿಂದ ಮೂಲೆಗೆ ಕರ್ಣದ ಅಳತೆ ಎರಡೂ ನೋಡಿ, ವ್ಯತ್ಯಾಸ 5 ಮಿ.ಮೀ. ಒಳಗಿರಬೇಕು. ಜಾಸ್ತಿಯಿದ್ದರೆ ಮೂಲೆ ಬೋಲ್ಟ್‌ಗಳನ್ನು ಸಡಿಲಿಸಿ, ಚೌಕಟ್ಟನ್ನು ಉದ್ದ ಕರ್ಣದ ಕಡೆಯಿಂದ ಒತ್ತಿ, ಮತ್ತೆ ಬಿಗಿಯಿರಿ. ಬಿಗಿದ ಮೇಲೆ ಇನ್ನೊಮ್ಮೆ ದಾರ ಕಟ್ಟಿ ನೋಡಿ, ಏಕೆಂದರೆ ಚೌಕ ಸರಿದರೆ ರೀಪರ್‌ಗಳೂ ಸರಿಯುತ್ತವೆ.

ಅಳತೆಪಟ್ಟಿ
ಪಾದದ ಸ್ಕ್ರೂ 8 ಮಿ.ಮೀ. ದಪ್ಪದ್ದಾದರೆ ಸಾಮಾನ್ಯವಾಗಿ ಒಂದು ಸುತ್ತಿಗೆ 1.25 ಮಿ.ಮೀ. ಹೊರಬರುತ್ತದೆ. 9 ಮಿ.ಮೀ. ಗೆ ಏಳು ಸುತ್ತು ಚಿಲ್ಲರೆ, ಆಗ ನೆಲ ಮುಟ್ಟುತ್ತದೆ. ಇನ್ನು 3 ಮಿ.ಮೀ. ಬಾಗು ಎತ್ತಲು ಎರಡೂವರೆ ಸುತ್ತು. ಒಟ್ಟು ಒಂಬತ್ತೂವರೆ.

ಉಳಿಬಾಚಿ
ಲೆಕ್ಕ ಸರಿ, ಆದರೆ ಸುತ್ತು ಎಣಿಸಿ ಬಿಡಬೇಡಿ, ದಾರ ನೋಡುತ್ತಲೇ ತಿರುಗಿಸಿ. ನೆಲ ಮುಟ್ಟಿದ ಮೇಲೆ ಕಾಲು ಸುತ್ತು, ಕಾಲು ಸುತ್ತು. ನಡುವೆ 18 ಬಂದ ಕೂಡಲೇ ನಿಲ್ಲಿಸಿ.

ಅತಿಯಾದರೂ ತೊಂದರೆ. ನಡು ಉಬ್ಬಿದರೆ ಇಬ್ಬರೂ ಅಂಚಿಗೆ ಜಾರುತ್ತೀರಿ. ಜೊತೆಗೆ ಮಂಚದ ಮೂಲೆಕಾಲು ನೆಲ ಬಿಡುತ್ತದೆ. ಹಾಗಾಗಿ ಕಾಗದದ ಪರೀಕ್ಷೆಯನ್ನು ಐದೂ ಕಾಲುಗಳಿಗೆ ಮಾಡಿ. ಐದೂ ಕಡೆ ಕಾಗದ ಹಿಡಿಯಬೇಕು. ಕೊನೆಗೆ ಪಾದದ ಮೇಲಿನ ನಟ್ ಇದ್ದರೆ ಸ್ಪ್ಯಾನರ್‌ನಿಂದ ಕಾಲಿಗೆ ಒತ್ತಿ ಬಿಗಿಯಿರಿ, ಇಲ್ಲದಿದ್ದರೆ ದಿನನಿತ್ಯದ ಅದುರಾಟಕ್ಕೆ ಪಾದ ತಾನೇ ಒಳಗೆ ತಿರುಗುತ್ತದೆ. ಸ್ಕ್ರೂ ಕಾಲಿನೊಳಗೆ ಒಂದೂವರೆ ಸೆಂ.ಮೀ. ಆದರೂ ಉಳಿದಿರಬೇಕು. ಉಳಿಯದಿದ್ದರೆ ಕಾಲಿನ ಕೆಳಗೆ ಗಟ್ಟಿ ಮರದ ತುಂಡು ಇಟ್ಟು ಸ್ಕ್ರೂ ಹಾಕಿ. ಮಡಿಸಿದ ರಟ್ಟು ಇಡಬೇಡಿ, ವಾರದಲ್ಲಿ ಚಪ್ಪಟೆಯಾಗುತ್ತದೆ.

ಕಬ್ಬಿಣಕೆಲಸ
ನಾನು ಲೋಹದ ಮಂಚ ಬೆಸೆಯುವವನು. ನನ್ನ ಪ್ರಕಾರ ಒಂದೇ ಕಾಲು ಸಾಲದು. ಉದ್ದದ ಮೂರನೇ ಒಂದು ಮತ್ತು ಮೂರನೇ ಎರಡು ಭಾಗದಲ್ಲಿ ಎರಡು ಕಾಲು ಇರಬೇಕು. ಒಂದು ಸಡಿಲವಾದರೂ ಇನ್ನೊಂದು ಹಿಡಿಯುತ್ತದೆ.

ಉಳಿಬಾಚಿ
ಎರಡಿದ್ದರೆ ಒಳ್ಳೆಯದೇ, ಬೇಡ ಎನ್ನುವುದಿಲ್ಲ. ಆದರೆ ಎರಡು ಕಾಲಿದ್ದರೆ ಎರಡನ್ನೂ ಹೊಂದಿಸಬೇಕು. ಒಂದು 2 ಮಿ.ಮೀ. ಹೆಚ್ಚಿದ್ದರೆ ಇನ್ನೊಂದು ಮತ್ತೆ ಗಾಳಿಯಲ್ಲಿ. ತೊಲೆ ಕಿರುಅಗಲದ ಮೇಲೆ, ಅಂದರೆ ನಿಂತ ಹಲಗೆಯಾಗಿ ಕೂತಿದ್ದರೆ 200 ಸೆಂ.ಮೀ. ಗೆ ನಡುವೆ ಒಂದು ಕಾಲು ಸಾಕು. ಒಂದು ಕಾಲು ಸರಿಯಾಗಿ ನಿಂತರೆ ಹರವಿಕೊಂಡ ಭಾರಕ್ಕೆ ತೊಲೆಯ ಬಾಗು ಕಾಲಿಲ್ಲದ್ದಕ್ಕಿಂತ ಹದಿನಾರರಲ್ಲಿ ಒಂದು ಪಾಲಿಗೂ ಕಡಿಮೆಯಾಗುತ್ತದೆ. ಚಪ್ಪಟೆಯಾಗಿ ಮಲಗಿಸಿದ ತೆಳು ತೊಲೆಯಾದರೆ ಎರಡಕ್ಕೆ ನನ್ನದೂ ಮತ.

ಕಬ್ಬಿಣಕೆಲಸ
ನೀವು ಹೇಳುವುದು ಮೊದಲ ದಿನಕ್ಕೆ ಸರಿ. ಮಕ್ಕಳು ಹತ್ತಿ ಇಳಿಯುವ ಮನೆಯಲ್ಲಿ ಒಂದು ಕಾಲು ಕಿತ್ತು ಬಂದರೆ ಏನು ಮಾಡುತ್ತಾರೆ? ನಾನು ಎರಡನ್ನೇ ಹಾಕುತ್ತೇನೆ.

ಹೊಸಮಂಚ
ಎಲ್ಲರಿಗೂ ಧನ್ಯವಾದ. ನಿನ್ನೆ ಸಂಜೆ ಮಾಡಿ ಮುಗಿಸಿದೆ. ಎಂಟನೆಯ ಸುತ್ತಿನಲ್ಲಿ ನೆಲ ಮುಟ್ಟಿತು, ಕಾಲು ಕಾಲು ಸುತ್ತು ತಿರುಗಿಸುತ್ತಾ ಹತ್ತಕ್ಕೆ ನಡುವೆ 18 ಬಂತು. ನೆಲ ಅಲ್ಲಿ ಸ್ವಲ್ಪ ಇಳಿಜಾರಿದೆ, ಅದಕ್ಕೇ ಅರ್ಧ ಸುತ್ತು ಹೆಚ್ಚು ಹೋಗಿರಬೇಕು. ಒಳಗೆ ಸ್ಕ್ರೂ ಎರಡು ಸೆಂ.ಮೀ. ಉಳಿದಿದೆ. ನಟ್ ಬಿಗಿದೆ. ಐದೂ ಕಾಲಿನ ಕೆಳಗೆ ಕಾಗದ ಹಿಡಿಯುತ್ತಿದೆ. ನನ್ನ ತೊಲೆ ನಿಂತ ಹಲಗೆಯೇ, 3 ಸೆಂ.ಮೀ. ದಪ್ಪ, 8 ಸೆಂ.ಮೀ. ಎತ್ತರ. ಹಾಗಾಗಿ ಸದ್ಯಕ್ಕೆ ಒಂದೇ ಕಾಲು ಬಿಟ್ಟಿದ್ದೇನೆ.

ಎರಡು ಪಟ್ಟಿ ಸೇರಿಸಿ 15 ಮಾಡಿದೆ. ಮೊದಲಿನದು, ಕೊನೆಯದು ರೀಪರ್‌ಗೆ ಸ್ಕ್ರೂ ಹಾಕಿದೆ, ಉಳಿದವು ಅವುಗಳಿಗೆ ಕಟ್ಟಿದ ಪಟ್ಟಿದಾರದಲ್ಲಿ ನಿಂತಿವೆ. ಆಮೇಲೆ ನಾವಿಬ್ಬರೂ ನಡುವೆ ಕೂತೆವು, ಮಗಳು ಬಗ್ಗಿ ಟಾರ್ಚ್ ಹಿಡಿದು ನೋಡಿದಳು. ಪಟ್ಟಿಗೂ ತೊಲೆಗೂ ನಡುವೆ ಬೆಳಕು ಕಾಣಲಿಲ್ಲ ಎಂದಳು.

ಒಂದು ಸಂಶಯ ಉಳಿದಿದೆ. ಹಾಸಿಗೆಯ ಮೇಲೆ ಉದ್ದನೆಯ ಕೋಲು ಇಟ್ಟು ನೋಡಿದರೆ ನಡುವೆ ಇನ್ನೂ ಬೆರಳಷ್ಟು ಹಳ್ಳ ಇದೆ. ಕೆಳಗೆ ಎಲ್ಲ ನೇರವಾದ ಮೇಲೂ.

ಅಳತೆಪಟ್ಟಿ
ಹಾಸಿಗೆಯನ್ನು ಸಮತಟ್ಟಾದ ನೆಲದ ಮೇಲೆ ಹಾಕಿ ಅದೇ ಕೋಲು ಇಡಿ. ಅಲ್ಲೂ ಹಳ್ಳ ಕಂಡರೆ ಹಳ್ಳ ಹಾಸಿಗೆಯದು. ಕಾಣದಿದ್ದರೆ ಪಟ್ಟಿಗಳನ್ನು ಮತ್ತೆ ನೋಡಬೇಕು.

ಹೊಸಮಂಚ
ನೆಲದ ಮೇಲೂ ಇದೆ. ಸುಮಾರು 12 ಮಿ.ಮೀ.

ಉಳಿಬಾಚಿ
ಹಾಗಾದರೆ ಮಂಚದ ಕೆಲಸ ಮುಗಿಯಿತು. ಹಾಸಿಗೆ ಆರು ತಿಂಗಳು ಆ ತಗ್ಗಿನಲ್ಲೇ ಮಲಗಿ ಒಗ್ಗಿದೆ. ತಲೆ ಕಾಲು ತಿರುಗಿಸಿ ಹಾಕಿ. ಸ್ವಲ್ಪ ಚೇತರಿಸಿಕೊಳ್ಳಬಹುದು, ಪೂರ್ತಿ ಆಗುತ್ತದೆ ಎಂದು ನಾನು ಮಾತು ಕೊಡಲಾರೆ. ನಿಮ್ಮ ನೆಲದ ಮೇಲೆ ಕಂಬಳಿಯೋ ಮೆತ್ತನೆಯ ಹಾಸೋ ಇದ್ದರೆ ಒಂದು ವಾರ ಬಿಟ್ಟು ನಡುಗಾಲಿಗೆ ಮತ್ತೆ ಕಾಗದ ಹಾಕಿ ನೋಡಿ, ಅದರಲ್ಲಿ ಪಾದ ಇಳಿಯುತ್ತದೆ.

ಹೊಸಮಂಚ
ಹಾಸೇನೂ ಇಲ್ಲ, ಬರೀ ನೆಲ. ಆದರೂ ಬರುವ ಭಾನುವಾರ ಕಾಗದ ಹಾಕಿ ನೋಡುತ್ತೇನೆ. ನಿನ್ನೆ ರಾತ್ರಿ ನಾವಿಬ್ಬರೂ ನಮ್ಮ ನಮ್ಮ ಜಾಗದಲ್ಲೇ ಮಲಗಿದ್ದೆವು, ನಡುವಿಗೆ ಉರುಳಲಿಲ್ಲ. ಹಾಸಿಗೆಯ ಹಳ್ಳ ಎಷ್ಟು ಏರಿದೆ ಎಂದು ತಿಂಗಳ ನಂತರ ಅದೇ ಕೋಲಿನಿಂದ ಅಳೆದು ಇಲ್ಲೇ ಬರೆಯುತ್ತೇನೆ.